ಇಎಂಐ ಲೆಕ್ಕದಲ್ಲಿ 40 ರೂಪಾಯಿ ವ್ಯತ್ಯಾಸ: ನನ್ನ ತಪ್ಪು ಎಲ್ಲಿದೆ?

ಕೂಡಿಕಳೆ:
ಎರಡು ಲಕ್ಷ ರೂಪಾಯಿ ವೈಯಕ್ತಿಕ ಸಾಲ, ವರ್ಷಕ್ಕೆ ಶೇ. 12 ಬಡ್ಡಿ, 24 ತಿಂಗಳು, ರೆಡ್ಯೂಸಿಂಗ್ ಬ್ಯಾಲೆನ್ಸ್. ಸಾಲ ಕೊಡುವವರು ಹೇಳಿದ ಕಂತು 9,415. ನಾನು ಕೈಯಿಂದಲೇ ಲೆಕ್ಕ ಹಾಕಿ ನೋಡಿದೆ. ಅಸಲು ತಿಂಗಳಿಗೆ 8,333.33. ಬಡ್ಡಿ ಮೊದಲ ತಿಂಗಳು 2,000, ಬಾಕಿ ಇಳಿದಂತೆ ಇಳಿಯುತ್ತಾ ಕೊನೆಯ ತಿಂಗಳು 83.33. ಸರಾಸರಿ 1,041.67. ಎರಡನ್ನೂ ಕೂಡಿಸಿದರೆ ಸರಿಯಾಗಿ 9,375 ಬರುತ್ತದೆ. ಉಳಿದ 40 ರೂಪಾಯಿ ಎಲ್ಲಿಂದ ಬಂತು? 24 ತಿಂಗಳಿಗೆ ಅದು ಸಾವಿರದ ಹತ್ತಿರ ಹೋಗುತ್ತದೆ. ಕೇಳಿದರೆ "ಕಂಪ್ಯೂಟರ್ ಹಾಗೆ ತೋರಿಸುತ್ತದೆ" ಎನ್ನುತ್ತಾರೆ. ನನಗೆ ಬೇಕಾಗಿರುವುದು ಕಂಪ್ಯೂಟರಿನ ಕಾರಣ.

ದಿಟನುಡಿ:
ಕಾರಣ ಸರಳವಾಗಿದೆ. ಅವರು ಚಕ್ರಬಡ್ಡಿ ಹಾಕುತ್ತಿದ್ದಾರೆ. ಇಎಂಐ ಸೂತ್ರವನ್ನು ನೋಡಿ, (1+r) ಮೇಲೆ ತಿಂಗಳ ಸಂಖ್ಯೆಯ ಘಾತ ಇದೆ. ಘಾತ ಇದ್ದಲ್ಲಿ ಬಡ್ಡಿಗೆ ಬಡ್ಡಿ ಇದೆ ಎಂದೇ ಅರ್ಥ.

```
EMI = P * r * (1+r)^n / ((1+r)^n - 1)
```

P ಅಸಲು, r ತಿಂಗಳ ದರ, n ತಿಂಗಳುಗಳು. ನಿಮ್ಮ ಸಾಲಕ್ಕೆ r ಎಂದರೆ 0.01. ಹಾಕಿ ನೋಡಿ, 9,414.69 ಬರುತ್ತದೆ. ಪೂರ್ಣಾಂಕಕ್ಕೆ ತಂದರೆ 9,415.

ಹಳೆಯಖಾತೆ:
ಸೂತ್ರ ಸರಿ, ಕಾರಣ ತಪ್ಪು. ಪ್ರತಿ ತಿಂಗಳೂ ಆ ತಿಂಗಳ ಬಡ್ಡಿಯನ್ನು ಪೂರ್ತಿ ಕಟ್ಟಿ ತೀರಿಸಲಾಗುತ್ತದೆ. ಬಾಕಿ ಉಳಿಯುವುದು ಬರಿಯ ಅಸಲು. ಕಟ್ಟದ ಬಡ್ಡಿಯೇ ಇಲ್ಲದ ಮೇಲೆ ಅದಕ್ಕೆ ಬಡ್ಡಿ ಬೀಳುವುದು ಹೇಗೆ? ಕಂತು ತಪ್ಪಿದರೆ ಮಾತು ಬೇರೆ.

ಕೂಡಿಕಳೆಯವರೇ, ನೀವು ಹಾಕಿದ್ದು ತಪ್ಪು ಲೆಕ್ಕವಲ್ಲ, ಬೇರೊಂದು ಸಾಲದ ಲೆಕ್ಕ. ತಿಂಗಳಿಗೆ 8,333.33 ಅಸಲು ತೀರುವ ಸಾಲದಲ್ಲಿ ಮೊದಲ ಕಂತು 10,333.33 ಆಗಿರುತ್ತದೆ, ಕೊನೆಯದು 8,416.66. ಒಟ್ಟು ಬಡ್ಡಿ 25,000. ನೀವು ಆ 25,000ವನ್ನು ಹಾಗೆಯೇ ಇಟ್ಟುಕೊಂಡು ಕಂತನ್ನು ಮಾತ್ರ ಸಮ ಮಾಡಿದಿರಿ. ಆದರೆ ಕಂತು ಸಮವಾದ ಕ್ಷಣವೇ ಮೊದಲ ತಿಂಗಳು ನೀವು ಕಟ್ಟುವುದು 10,333 ಅಲ್ಲ, 9,375. ಅದರಲ್ಲಿ 2,000 ಬಡ್ಡಿಗೆ ಹೋಗಿ ಅಸಲಿಗೆ ಸೇರುವುದು 7,375 ಮಾತ್ರ. ಅಂದರೆ ನೀವು ಊಹಿಸಿದ ವೇಗದಲ್ಲಿ ಬಾಕಿ ಇಳಿಯುವುದಿಲ್ಲ. ಇಳಿಯದ ಬಾಕಿಗೆ ಬಡ್ಡಿ ಬಿದ್ದೇ ಬೀಳುತ್ತದೆ.

ನಂಬಿಕೆ ಬಾರದಿದ್ದರೆ ಸ್ಪ್ರೆಡ್‌ಶೀಟಿನಲ್ಲಿ 9,375ನ್ನೇ ಇಟ್ಟು 24 ಸಾಲು ಇಳಿಸಿ. ಪ್ರತಿ ಸಾಲಿನಲ್ಲೂ ಬಾಕಿಯ ಶೇ. 1 ಕೂಡಿಸಿ, 9,375 ಕಳೆಯಿರಿ. ಕೊನೆಯಲ್ಲಿ ಸೊನ್ನೆ ಬರಬೇಕು. ಬಂದದ್ದು ಎಷ್ಟು ಎಂದು ಇಲ್ಲಿ ಬರೆಯಿರಿ.

ಕೂಡಿಕಳೆ:
1,070.70 ಉಳಿಯಿತು! ಸಾಲ ತೀರಲಿಲ್ಲ. 9,414.69 ಇಟ್ಟಾಗ ಕೆಲವು ಪೈಸೆ ಬಿಟ್ಟರೆ ಸೊನ್ನೆ. ಸರಿ, ಸೋತೆ. ಆದರೆ ಆ ಘಾತ ಯಾಕೆ ಎಂಬುದು ಇನ್ನೂ ತಿಳಿದಿಲ್ಲ. ದಿಟನುಡಿಯವರ ಪ್ರಶ್ನೆ ಅಲ್ಲಿಯೇ ಇದೆ.

ಹಳೆಯಖಾತೆ:
ನಿಮ್ಮ ಪಟ್ಟಿಯಲ್ಲೇ ಉತ್ತರ ಇದೆ. 9,414.69ರ ಪಟ್ಟಿಯಲ್ಲಿ ಅಸಲಿಗೆ ಸೇರಿದ ಭಾಗವನ್ನು ಮಾತ್ರ ಮೇಲಿನಿಂದ ಕೆಳಕ್ಕೆ ಓದಿ. ಮೊದಲ ತಿಂಗಳು 7,414.69. ಎರಡನೆಯದು 7,488.84. ಮೂರನೆಯದು 7,563.73. ಪ್ರತಿಯೊಂದೂ ಹಿಂದಿನದರ 1.01 ಪಟ್ಟು.

ಇದು ಕಾಕತಾಳೀಯವಲ್ಲ. ಮೊದಲ ತಿಂಗಳು ಅಸಲಿನಲ್ಲಿ 7,414.69 ತೀರಿತು. ಆದ್ದರಿಂದ ಎರಡನೆಯ ತಿಂಗಳು ಅಷ್ಟರ ಮೇಲಿನ ಬಡ್ಡಿ, ಅಂದರೆ 74.15, ಕಟ್ಟುವಂತಿಲ್ಲ. ಕಂತು ಮಾತ್ರ ಬದಲಾಗಿಲ್ಲ. ಹಾಗಾದರೆ ಉಳಿದ ಆ 74.15 ಎಲ್ಲಿಗೆ ಹೋಗಬೇಕು? ಅಸಲಿಗೆ. ಹೀಗೆ ಬಡ್ಡಿ ಬಿಟ್ಟುಕೊಟ್ಟದ್ದನ್ನು ಅಸಲು ತಿಂಗಳು ತಿಂಗಳೂ ಪಡೆಯುತ್ತಾ ಹೋಗುತ್ತದೆ. ಬೆಳೆಯುವುದು ನೀವು ತೀರಿಸುವ ಅಸಲು, ಬಡ್ಡಿಯಲ್ಲ. ಘಾತ ಹುಟ್ಟಿದ್ದು ಅಲ್ಲಿಂದ.

ಈಗ ಸೂತ್ರವನ್ನು ಬಾಯಿಪಾಠ ಮಾಡುವುದೇ ಬೇಡ. 24 ತಿಂಗಳ ಅಸಲಿನ ಭಾಗಗಳನ್ನು ಕೂಡಿಸಿದರೆ 2,00,000 ಆಗಬೇಕು. ಮೊದಲ ಭಾಗವನ್ನು 1 ಎಂದುಕೊಂಡರೆ ಎಲ್ಲದರ ಮೊತ್ತ ಗುಣೋತ್ತರ ಶ್ರೇಢಿಯ ಲೆಕ್ಕದಂತೆ (1.01^24 - 1) / 0.01, ಅಂದರೆ 26.9735. ಎರಡು ಲಕ್ಷವನ್ನು ಇದರಿಂದ ಭಾಗಿಸಿದರೆ 7,414.69. ಅದಕ್ಕೆ ಮೊದಲ ತಿಂಗಳ ಬಡ್ಡಿ 2,000 ಸೇರಿಸಿದರೆ ನಿಮ್ಮ ಕಂತು. ದಿಟನುಡಿಯವರ ಸೂತ್ರ ಇದನ್ನೇ ಮಡಚಿ ಇಟ್ಟ ರೂಪ.

ಒಂದು ವರ್ಷ ಕಳೆದ ಮೇಲೆ ನೋಡಿ. ನಿಮ್ಮ ಲೆಕ್ಕದ ಸಾಲದಲ್ಲಿ ಬಾಕಿ ಸರಿಯಾಗಿ ಅರ್ಧ, 1,00,000. ಸಮ ಕಂತಿನ ಸಾಲದಲ್ಲಿ ಇನ್ನೂ 1,05,963. ಒಟ್ಟು ಬಡ್ಡಿ 25,000 ಇದ್ದದ್ದು 25,952.67 ಆಗಲು ಕಾರಣ ಈ ಹೆಚ್ಚಿನ ಬಾಕಿ. ಅವಧಿಯ ನಡುವೆಯೇ ಸಾಲ ತೀರಿಸಲು ಹೊರಟವರು "ಅರ್ಧ ಅವಧಿ ಮುಗಿಯಿತು, ಅರ್ಧ ಸಾಲ ತೀರಿತು" ಎಂದುಕೊಂಡು ಬೆಚ್ಚಿಬೀಳುವುದೂ ಇಲ್ಲಿಯೇ.

ದಿಟನುಡಿ:
ಬಡ್ಡಿಗೆ ಬಡ್ಡಿ ಎಂದದ್ದನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೂ ತಿಂಗಳಿಗೆ ಶೇ. 1 ಎಂದರೆ ವರ್ಷಕ್ಕೆ ಶೇ. 12 ಅಲ್ಲ, 12.68 ಆಗುತ್ತದೆಯಲ್ಲ? ನಿಜವಾಗಿ ಶೇ. 12 ಆಗಬೇಕಾದರೆ 1.12ರ ಹನ್ನೆರಡನೆಯ ಮೂಲ ತೆಗೆಯಬೇಕು. ಹನ್ನೆರಡರಿಂದ ಭಾಗಿಸುವುದು ಮೋಸ.

ಹಳೆಯಖಾತೆ:
ಗಣಿತ ಸರಿ, ಮೋಸ ಎನ್ನಲಾರೆ. ಸಾಲದ ಪತ್ರದಲ್ಲಿ ವರ್ಷದ ದರ ಬರೆದು ತಿಂಗಳ ಲೆಕ್ಕಕ್ಕೆ ಹನ್ನೆರಡರಿಂದ ಭಾಗಿಸುವುದು ಸಾಮಾನ್ಯ ರೂಢಿ. ಎರಡು ಸಾಲಗಳನ್ನು ಹೋಲಿಸುವಾಗ ಎರಡಕ್ಕೂ ಒಂದೇ ರೂಢಿ ಬಳಸಿದರೆ ಸಾಕು.

ಮೂರುಕಾಸು:
ನನ್ನದೂ ಇದೇ ಸಾಲ. ಎರಡು ಲಕ್ಷ, ಶೇ. 12, 24 ತಿಂಗಳು. ಆದರೆ ಕಂತು 9,603! ನಾನು ಸ್ಪ್ರೆಡ್‌ಶೀಟಿನಲ್ಲಿ ಹಾಕಿದರೆ 24,000ಕ್ಕೂ ಹೆಚ್ಚು ತೋರಿಸುತ್ತದೆ, ಅದೂ ಋಣ ಚಿಹ್ನೆಯೊಂದಿಗೆ. ನನ್ನ ಕಂತು ಸರಿಯೋ ತಪ್ಪೋ?

ಹಳೆಯಖಾತೆ:
ಮೊದಲು ಸ್ಪ್ರೆಡ್‌ಶೀಟಿನ ದೋಷ. ವರ್ಷದ ದರವನ್ನೇ ತಿಂಗಳ ದರದ ಜಾಗದಲ್ಲಿ ಕೊಟ್ಟಿದ್ದೀರಿ. ಆಗ ತಿಂಗಳಿಗೇ ಶೇ. 12 ಬಡ್ಡಿ ಎಂದು ಅದು ತಿಳಿಯುತ್ತದೆ. ಮೊದಲ ತಿಂಗಳ ಬಡ್ಡಿಯೇ 24,000 ಆಗುತ್ತದೆ. ಹೀಗೆ ಬರೆಯಿರಿ:

```
=PMT(12%/12, 24, -200000)
```

ಋಣ ಚಿಹ್ನೆ ದೋಷವಲ್ಲ. ಬರುವ ಹಣಕ್ಕೆ ಒಂದು ಚಿಹ್ನೆ, ಹೋಗುವ ಹಣಕ್ಕೆ ಇನ್ನೊಂದು, ಅಷ್ಟೇ.

ನಿಮ್ಮ ಕಂತಿನ ವಿಷಯಕ್ಕೆ ಲೆಕ್ಕವನ್ನು ಹಿಂದಕ್ಕೆ ಓಡಿಸಬೇಕು. ಈ ದರ, ಈ ಅವಧಿಗೆ ಒಂದು ರೂಪಾಯಿ ಸಾಲದ ಕಂತು 0.0470735. 9,603ನ್ನು ಇದರಿಂದ ಭಾಗಿಸಿದರೆ ಸುಮಾರು 2,04,000. ಅಂದರೆ ಅವರ ಪುಸ್ತಕದಲ್ಲಿ ನಿಮ್ಮ ಅಸಲು ಎರಡು ಲಕ್ಷದ ನಾಲ್ಕು ಸಾವಿರ ಇರುವಂತಿದೆ. ಇಷ್ಟು ಗುಂಡಾದ ಸಂಖ್ಯೆ ಬಂದಾಗ ನನ್ನ ಅನುಮಾನ ಮೊದಲು ಹೋಗುವುದು ಸಾಲಕ್ಕೇ ಸೇರಿಸಿದ ಶುಲ್ಕ ಅಥವಾ ವಿಮೆಯ ಕಡೆಗೆ. ದರವೇ ಬೇರೆ ಇರಲೂಬಹುದು. ಸಾಲ ಕೊಟ್ಟವರು ನೀಡಿದ ಕಂತುಗಳ ಪಟ್ಟಿಯ ಮೊದಲ ಸಾಲಿನ ಆರಂಭದ ಬಾಕಿಯನ್ನು ನೋಡಿದರೆ ಯಾವುದೆಂದು ತಿಳಿಯುತ್ತದೆ.

ಮೂರುಕಾಸು:
ಆರಂಭದ ಬಾಕಿ 2,04,000 ಎಂದೇ ಇದೆ. ಆದರೆ ಶುಲ್ಕದ 4,000 ನಾನು ಬೇರೆಯಾಗಿಯೇ ಕಟ್ಟಿದ ನೆನಪು. ರಸೀದಿ ಹುಡುಕಬೇಕು.

ಕೂಡಿಕಳೆ:
ಹುಡುಕಿದ ಮೇಲೆ ಇಲ್ಲಿಯೇ ಬರೆಯಿರಿ. ನಾನು ಒಪ್ಪಂದಕ್ಕೆ ಇನ್ನೂ ಸಹಿ ಹಾಕಿಲ್ಲ.