90ಕ್ಕೆ 72, 120ಕ್ಕೆ 84: ಝಡ್ 1.68 ಸರಿಯೋ, 1.64 ಸರಿಯೋ?

ಕೇಳಿದವರು: ತಂಗಿಯನ್ನ ದ್ವಿತೀಯ ಪಿಯು ಗಣಿತಕ್ಕೆ ದಾವಣಗೆರೆಯಲ್ಲೇ ಕೋಚಿಂಗ್ ಸೇರಿಸಬೇಕು. ಪಿ.ಜೆ. ಬಡಾವಣೆ ಕಡೆಯ ಸೆಂಟರ್‌ನಲ್ಲಿ ಹೋದ ವರ್ಷ 90ಕ್ಕೆ 72 ಪಾಸು, ವಿದ್ಯಾನಗರದ್ದರಲ್ಲಿ 120ಕ್ಕೆ 84. ಮೊದಲನೆಯದರ ಫೀಸು ಆರು ಸಾವಿರ ಜಾಸ್ತಿ. ಝಡ್ ಟೆಸ್ಟ್ ಹಾಕಿದೆ, ನನಗೆ 1.68 ಬಂತು, ಗೆಳೆಯನಿಗೆ 1.64. ಯಾವುದು ಸರಿ? ಹಾಕಿ ಅಭ್ಯಾಸ ಇರೋರು ಹೇಳಿ.

ಬಿ.ಎಡ್. ಓದುತ್ತಿರುವವನು: ಎರಡೂ ನಡೀತದೆ ಅಣ್ಣ. ನೀವು ಎರಡು ಸೆಂಟರಿನ ಎರರ್ ಬೇರೆ ಬೇರೆ ತೆಗೆದು ಕೂಡಿಸಿದ್ದೀರಿ, ಗೆಳೆಯ ಎಲ್ಲಾ ಮಕ್ಕಳನ್ನ ಒಟ್ಟಿಗೆ ಹಾಕಿ ತೆಗೆದಿದ್ದಾನೆ, ಅಷ್ಟೇ. ಮೊದಲನೆಯದು ಮೇಲಾ ಅನ್ನೋದಷ್ಟೇ ನಿಮಗೆ ಬೇಕಿರೋದು, ಹಂಗಾಗಿ ಒಂದು ಬದಿಯ ಟೆಸ್ಟ್ ಸಾಕು. ಅದರ ಗಡಿ 1.645. ನಿಮ್ಮ 1.68 ದಾಟಿದೆ, ಸೇರಿಸಿಬಿಡಿ.

ಚಿತ್ರದುರ್ಗದಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುವವರು: ತಮ್ಮಾ, ಎರಡು ಲೆಕ್ಕ ಎಲ್ಲಿ ಬೇರೆಯಾಗ್ತವೆ ಅಂತ ಸರಿಯಾಗಿ ಹಿಡಿದಿದ್ದೀಯ. ಆದರೆ ಎರಡೂ ನಡೀತದೆ ಅನ್ನೋದನ್ನ ಒಪ್ಪೋಕಾಗಲ್ಲ. ಟೆಸ್ಟ್ ಶುರು ಮಾಡುವಾಗ ನಾವು ಏನು ಅಂದುಕೊಳ್ತೀವಿ? ಎರಡು ಸೆಂಟರಿಗೂ ಪಾಸಾಗುವ ಪ್ರಮಾಣ ಒಂದೇ ಅಂತ. ಒಂದೇ ಅಂದಮೇಲೆ ಅದನ್ನ ಅಂದಾಜು ಮಾಡೋಕೆ 210 ಮಕ್ಕಳೂ ಒಂದೇ ರಾಶಿ. 156 ಭಾಗಿಸು 210, ಅಂದರೆ 0.743. ಇಲ್ಲಿ ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷ ಎಡವುತ್ತಾರೆ: 80, 70ರ ನಡುವೆ 75 ಅಂತ ಬರೀತಾರೆ. ಒಂದು ಕಡೆ 90, ಇನ್ನೊಂದು ಕಡೆ 120 ಮಕ್ಕಳಿರುವಾಗ ನಡುವಿನ ಅಂಕಿ ಸಲ್ಲದು, ತಲೆ ಎಣಿಸಿಯೇ ಕೂಡಿಸಬೇಕು.

```
p  = (72+84)/(90+120) = 0.743
SE = sqrt(0.743 × 0.257 × (1/90 + 1/120)) = 0.0609
z  = (0.80 − 0.70)/0.0609 = 1.64
```

ಹಾಗಾಗಿ ನಿಮ್ಮ ಗೆಳೆಯನ ಲೆಕ್ಕ ಸರಿ. ನಿಮ್ಮ ಎರರ್ 0.0594 ಬಂದಿರುತ್ತದೆ. ಅದನ್ನ ಬಿಸಾಕಬೇಡಿ, ವ್ಯತ್ಯಾಸ ಎಷ್ಟಿರಬಹುದು ಅನ್ನೋಕೆ ಅದೇ ಬೇಕು. ಅಲ್ಲಿ ಎರಡೂ ಒಂದೇ ಅಂತ ಅಂದುಕೊಳ್ಳಲ್ಲವಲ್ಲ. 10 ಪರ್ಸೆಂಟಿನ ಆಚೀಚೆ 1.96 ಪಟ್ಟು ಹಾಕಿದರೆ ಮೊದಲನೆಯದು ಸುಮಾರು 2 ಪರ್ಸೆಂಟ್ ಹಿಂದಿರಬಹುದು, 22 ಪರ್ಸೆಂಟ್ ಮುಂದೂ ಇರಬಹುದು. ಅಷ್ಟು ಅಗಲ.

ಇನ್ನು ಒಂದು ಬದಿಯ ಟೆಸ್ಟ್. 80, 70 ಕಣ್ಣಿಗೆ ಬಿದ್ದ ಮೇಲೆ ಬದಿ ಆರಿಸಿದರೆ ಅದು ಟೆಸ್ಟ್ ಆಗಲ್ಲ. ವಿದ್ಯಾನಗರದ್ದು ಮುಂದಿದ್ದಿದ್ದರೆ ಆ ಬದಿ ಹಿಡೀತಿದ್ರಿ. ಎರಡು ಬದಿ ಇಟ್ಟರೆ ಗಡಿ 1.96, ಪಿ ಸುಮಾರು 0.10. ಎರಡೂ ಸೆಂಟರ್ ನಿಜಕ್ಕೂ ಸಮಾನವಾಗಿದ್ದರೂ ಹತ್ತರಲ್ಲಿ ಒಂದು ಸಲ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ತಾನಾಗಿ ಬರುತ್ತದೆ.

ಬಿ.ಎಡ್. ಓದುತ್ತಿರುವವನು: ಬದಿ ವಿಷಯ ಒಪ್ಪಿದೆ ಸರ್. ಆದರೆ ದುಡ್ಡು ಜಾಸ್ತಿ ಕೊಡೋರು ಮೊದಲನೆಯದು ಮೇಲಾ ಅಂತ ಮಾತ್ರ ಕೇಳೋದು ಸಹಜ ಅಲ್ವಾ? ಫೀಸು ಅಂಕಿಗಿಂತ ಮೊದಲೇ ಗೊತ್ತಿತ್ತು.

ಹರಿಹರದ ಒಬ್ಬ ತಾಯಿ: ನಮ್ಮ ಮಗನಿಗೂ ಗಣಿತವೇ ಕಷ್ಟ. ಬೆಳಿಗ್ಗೆ ಆರೂವರೆ ಬಸ್ಸಿಗೆ ಕಳಿಸ್ತಿದ್ದೆ, ಬರೋಷ್ಟರಲ್ಲಿ ಸುಸ್ತು. ನಿಮ್ಮ ತಂಗಿಗೆ ಮನೆಗೆ ಯಾವುದು ಹತ್ತಿರ ಅದನ್ನ ನೋಡಿ. ಇನ್ನೊಂದು ಮಾತು, ನಾವು ಸೇರಿಸಿದ್ದ ಕಡೆ ಡಿಸೆಂಬರ್ ಟೆಸ್ಟಲ್ಲಿ ಕಡಿಮೆ ಬಂದ ಮಕ್ಕಳನ್ನ ಕರೆದು, ನಿಮಗಾಗಲ್ಲ ಅಂದು ಉಳಿದ ಫೀಸು ವಾಪಸ್ ಕೊಟ್ಟರು. ನನ್ನ ಮಗನೂ ಅದರಲ್ಲಿದ್ದ. ಆಮೇಲೆ ಅವರ ಬೋರ್ಡಿನಲ್ಲಿ ನನ್ನ ಮಗನ ಲೆಕ್ಕವೇ ಇರಲಿಲ್ಲ.

ಚಿತ್ರದುರ್ಗದವರು: ಅಕ್ಕಾ, ನೀವು ಹೇಳಿದ್ದು ನನ್ನ ಲೆಕ್ಕಕ್ಕಿಂತ ದೊಡ್ಡದು. ಪ್ರಶ್ನೆ ಕೇಳಿದವರೇ, ಆ 90 ಯಾರು? ಜೂನ್‌ನಲ್ಲಿ ಸೇರಿದವರೋ, ಪರೀಕ್ಷೆಗೆ ಕೂತವರೋ? 120ಕ್ಕೂ ಅದನ್ನೇ ಕೇಳಿ. ಪಾಸಾದವರ ಪಟ್ಟಿ ಅಲ್ಲ, ಅಡ್ಮಿಷನ್ ರಿಜಿಸ್ಟರ್ ಕೇಳಿ.

ಕೇಳಿದವರು: ಸಂಜೆ ಎರಡೂ ಕಡೆ ಹೋಗಿಬಂದೆ. ವಿದ್ಯಾನಗರದವರು ರಿಜಿಸ್ಟರ್ ತೋರಿಸಿದರು, ಕೊನೆಯ ನಂಬರ್ 120. ಬಿಟ್ಟವರ ಹೆಸರನ್ನೂ ಹೊಡೆದುಹಾಕಿಲ್ಲ, ಅವರೂ ಎಣಿಕೆಯಲ್ಲಿದ್ದಾರೆ. ಮೊದಲನೆಯದರಲ್ಲಿ ಕೌಂಟರಿನಲ್ಲಿದ್ದ ಹುಡುಗಿ ನೂರು ಜನ ಸೇರಿದ್ದರು, ಹತ್ತು ಜನ ಜನವರಿಯೊಳಗೆ ಬಿಟ್ಟರು ಅಂದಳು.

ಚಿತ್ರದುರ್ಗದವರು: ಹಾಗಾದರೆ 100ಕ್ಕೆ 72, 120ಕ್ಕೆ 84. ರಾಶಿ 156 ಭಾಗಿಸು 220, 0.709. ಎರರ್ 0.0615. ವ್ಯತ್ಯಾಸ ಬರೀ 0.02, ಝಡ್ 0.33. ಅಂತರವೇ ಕರಗಿಹೋಯಿತು. 1.64, 1.68ರ ಜಗಳ ಈ ಹತ್ತು ಮಕ್ಕಳ ಮುಂದೆ ಏನೂ ಅಲ್ಲ.

ಬಿ.ಎಡ್. ಓದುತ್ತಿರುವವನು: ಸರ್, ಬಿಟ್ಟ ಹತ್ತು ಜನರನ್ನ ಫೇಲ್ ಅಂತ ಎಣಿಸೋದು ನ್ಯಾಯವಾ? ಬೇರೆ ಕಡೆ ಓದಿ ಪಾಸಾಗಿರಬಹುದು.

ಹರಿಹರದ ತಾಯಿ: ನನ್ನ ಮಗ ಪಾಸಾದ. ಮನೆಯಲ್ಲೇ ಓದಿ, 41 ಅಂಕ.

ಚಿತ್ರದುರ್ಗದವರು: ಸಂತೋಷ ಅಕ್ಕಾ. ತಮ್ಮಾ, ನಿನ್ನ ಮಾತು ಸರಿ. ನಾನು ಎಣಿಸಿದ್ದು ಆ ಸೆಂಟರಿನಲ್ಲೇ ಇದ್ದು ಪಾಸಾದವರನ್ನ. ಹತ್ತು ಜನರ ಫಲಿತಾಂಶ ಸಿಗುವವರೆಗೆ ನಿಜವಾದ ಅಂಕಿ 72 ಮತ್ತು 82 ಪರ್ಸೆಂಟ್ ನಡುವೆ ಎಲ್ಲೋ ಇದೆ ಅಂತಷ್ಟೇ ಹೇಳಬಹುದು. ಸೇರಿಸಿಕೊಳ್ಳುವಾಗ ಪ್ರವೇಶ ಪರೀಕ್ಷೆ ಇಟ್ಟು ಆರಿಸಿದ್ದರಾ ಅನ್ನೋದನ್ನೂ ವಿಚಾರಿಸಬೇಕು. ಅದನ್ನ ಯಾವ ಝಡ್ಡೂ ಹೇಳಲ್ಲ.

ಕೇಳಿದವರು: ಪ್ರವೇಶ ಪರೀಕ್ಷೆ ವಿಷಯ ಕೇಳೋದೇ ಮರೆತೆ ಸರ್. ನಾಳೆ ತಂಗಿಯನ್ನೂ ಕರಕೊಂಡು ಹೋಗಿ ಕೇಳ್ತೀನಿ.