ಪದಚರ್ಚೆ: ಹಗಲು ಬೆಳಕಿನ ಹಜಾರಕ್ಕೆ ಪ್ರೊಜೆಕ್ಟರ್ – ‘ಲ್ಯೂಮೆನ್’, ‘ಥ್ರೋ’, ‘ಪರದೆ’

ಮೈಸೂರಿನಿಂದ:

ಮಾನ್ಯರೇ,

ನಮ್ಮ ವಸತಿ ಸಮುಚ್ಚಯದ ಕನ್ನಡ ಬಳಗಕ್ಕಾಗಿ, ಮನೆಗೆ ಪ್ರೊಜೆಕ್ಟರ್ ಕೊಳ್ಳುವವರಿಗೆ ನೆರವಾಗುವ ಬರಹವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಇಲ್ಲಿನ ಹಜಾರಗಳು ಹೆಚ್ಚುಕಡಿಮೆ ಒಂದೇ ಅಳತೆಯವು. ಪ್ರೊಜೆಕ್ಟರ್ ಇಡುವ ಗೋಡೆಯಿಂದ ಚಿತ್ರ ಬೀಳುವ ಗೋಡೆಗೆ 12 ಅಡಿ, ಅಂದರೆ ಸುಮಾರು 3.65 ಮೀಟರ್ ಇದೆ. ಒಂದು ಪಕ್ಕದಲ್ಲಿ ಬಾಲ್ಕನಿಯ ದೊಡ್ಡ ಗಾಜಿನ ಬಾಗಿಲಿದೆ. ಎಲ್ಲರೂ ಕೇಳುವುದು 100 ಇಂಚಿನ ಚಿತ್ರವನ್ನು, ಅದೂ ಭಾನುವಾರ ಮಧ್ಯಾಹ್ನ.

ಬರೆಯಲು ಕುಳಿತಾಗ ಮೂರು ಕಡೆ ತೊಡಕಾಯಿತು. ‘2500 ಲ್ಯೂಮೆನ್ ಪ್ರಕಾಶ’ ಎಂದು ಬರೆದರೆ ಗೋಡೆಯ ಮೇಲಿನ ಚಿತ್ರವೇ ಅಷ್ಟು ಬೆಳಗುತ್ತದೆಂದು ಓದುಗರು ತಿಳಿಯುವುದಿಲ್ಲವೇ? ಪ್ರೊಜೆಕ್ಟರಿನ ಮಸೂರದಿಂದ ಚಿತ್ರ ಬೀಳುವಲ್ಲಿಗೆ ಇರುವ ‘ಥ್ರೋ ದೂರ’ಕ್ಕೆ ‘ಎಸೆತದ ದೂರ’ ಸಾಕೇ? ಇನ್ನು ‘ಪರದೆ’ಯಂತೂ ಕಿಟಕಿಗೂ ಇದೆ, ಪ್ರೊಜೆಕ್ಟರಿಗೂ ಇದೆ, ‘ಹಗಲಿನಲ್ಲಿ ಪರದೆ ಮುಚ್ಚಿ’ ಎಂದರೆ ಯಾವುದನ್ನು ಮುಚ್ಚಬೇಕು?

ಧಾರವಾಡದಿಂದ:

ಕೊನೆಯದಕ್ಕೆ ಉತ್ತರ ಸುಲಭ. ‘ಬೆಳ್ಳಿತೆರೆ’, ‘ಕಿರುತೆರೆ’ ಎಂದು ಬಳಸುತ್ತಲೇ ಬಂದಿದ್ದೇವೆ. ಆದ್ದರಿಂದ ಚಿತ್ರ ಬೀಳುವುದಕ್ಕೆ ‘ತೆರೆ’ ಎಂದೂ ಕಿಟಕಿಯದಕ್ಕೆ ‘ಪರದೆ’ ಎಂದೂ ಹಂಚಿಕೊಳ್ಳಬಹುದು. ‘ಎಸೆತ’ಕ್ಕಿಂತ ‘ಪ್ರಕ್ಷೇಪ ದೂರ’ ಗಂಭೀರವಾಗಿದೆ. ತಯಾರಕರು ಕೊಡುವ ಅನುಪಾತವನ್ನು ಚಿತ್ರದ ಅಳತೆಯಿಂದ ಗುಣಿಸಿದರೆ ಆ ದೂರ ಸಿಗುತ್ತದೆ: 1.2 ಅನುಪಾತಕ್ಕೆ, 100 ಇಂಚು ಎಂದರೆ 2.54 ಮೀಟರ್ ಆದ್ದರಿಂದ, ಸುಮಾರು 3.05 ಮೀಟರ್. ಪ್ರಕ್ಷೇಪ ದೂರ ಹೆಚ್ಚಿದಷ್ಟೂ ಪ್ರಕಾಶ ಕುಗ್ಗುತ್ತದೆ ಎಂಬುದನ್ನೂ ಬರೆಯಿರಿ. ಹಗಲು ನೋಡುವವರು ಬೂದು ಬಣ್ಣದ ತೆರೆ ಕೊಂಡರೆ ಸಮಸ್ಯೆ ಬಗೆಹರಿಯುತ್ತದೆ.

ಕುಂದಾಪುರದಿಂದ:

ಪದದ ವಿಷಯ ನನಗೆ ಅಷ್ಟಾಗಿ ತಿಳಿಯದು, ನಮ್ಮ ಮನೆಯ ಸಂಗತಿ ಹೇಳುತ್ತೇನೆ. ‘ಹೊರಬೆಳಕು ತಡೆಯುವ ತೆರೆ’ ಎಂದು ಅಂಗಡಿಯವರು ಹೇಳಿದ್ದನ್ನು ನಂಬಿ ದುಬಾರಿಯ ತೆರೆಯೊಂದನ್ನು ತಂದೆವು. ಪ್ರೊಜೆಕ್ಟರ್ ಮಾತ್ರ ಮೊದಲಿನಂತೆ ಚಾವಣಿಗೇ ತೂಗುಹಾಕಿದ್ದು. ಚಿತ್ರ ಬಿಳಿ ಗೋಡೆಯ ಮೇಲೆ ಇದ್ದದ್ದಕ್ಕಿಂತ ಮಂಕಾಯಿತು. ಇದು ತೆರೆಯ ದೋಷವೋ, ಪ್ರೊಜೆಕ್ಟರಿನ ಲ್ಯೂಮೆನ್ ಸಾಲದೆ ಹೀಗಾಯಿತೋ?

ಬೆಂಗಳೂರಿನಿಂದ:

ಸಭಾಂಗಣ ಮತ್ತು ಮನೆಗಳಿಗೆ ಪ್ರೊಜೆಕ್ಟರ್ ಜೋಡಿಸುವ ಕೆಲಸದಲ್ಲಿ ಇರುವವನಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

‘ಪ್ರಕಾಶ’ ಎಂಬ ಒಂದೇ ಪದವನ್ನು ಬಿಟ್ಟು ‘ಹೊರಡುವ ಬೆಳಕು’, ‘ಬೀಳುವ ಬೆಳಕು’ ಎಂದು ಎರಡಾಗಿ ಬರೆಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಲ್ಯೂಮೆನ್ ಎಂಬುದು ಮಸೂರದಿಂದ ಹೊರಡುವ ಒಟ್ಟು ಬೆಳಕಿನ ಲೆಕ್ಕ. ಅದು ಒಂದು ಚದರ ಮೀಟರಿಗೆ ಎಷ್ಟು ಬೀಳುತ್ತದೆಂಬುದನ್ನು ಲಕ್ಸ್ ಹೇಳುತ್ತದೆ. ಪೆಟ್ಟಿಗೆಯ ಮೇಲೆ ಬರೀ ‘9000 ಲ್ಯೂಮೆನ್’ ಎಂದಿದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ‘ಆನ್ಸಿ’ ಅಥವಾ ‘ಐಎಸ್‌ಒ 21118’ ಎಂದು ನಮೂದಾಗಿರುವ ಸಂಖ್ಯೆ, ಚಿತ್ರದ ಒಂಬತ್ತು ಕಡೆ ಅಳೆದು ಸರಾಸರಿ ತೆಗೆದದ್ದು. ಅದು ಕೂಡ ಅತಿ ಪ್ರಖರವಾದ, ಬಣ್ಣ ಹಸಿರಿಗೆ ತಿರುಗುವ ವಿಧಾನದಲ್ಲಿ ಅಳೆದದ್ದಾಗಿರಬಹುದು; ಬಣ್ಣ ಸರಿಯಾಗಿ ಕಾಣುವಂತೆ ಹೊಂದಿಸಿಕೊಂಡಾಗ 2500ರಲ್ಲಿ 1500 ಉಳಿಯಿತೆಂದು ಇಟ್ಟುಕೊಳ್ಳೋಣ.

ಈಗ ಮೈಸೂರಿನ ಹಜಾರಕ್ಕೆ ಬರೋಣ. 16:9ರ 100 ಇಂಚಿನ ಚಿತ್ರಕ್ಕೆ ಅಗಲ 2.21 ಮೀಟರ್, ಎತ್ತರ 1.25 ಮೀಟರ್, ವಿಸ್ತೀರ್ಣ ಸುಮಾರು 2.76 ಚದರ ಮೀಟರ್. 1500 ಲ್ಯೂಮೆನ್ ಅದರ ಮೇಲೆ ಹರಡಿದಾಗ ಸುಮಾರು 540 ಲಕ್ಸ್ ಬೀಳುತ್ತದೆ. ಬಾಲ್ಕನಿಯ ಪರದೆ ಸರಿಸಿದಾಗ ಅದೇ ಗೋಡೆಯ ಮೇಲೆ ಹಗಲಿನದೇ 300 ಲಕ್ಸ್ ಬಿದ್ದಿದೆ ಎನ್ನಿ. ಪ್ರೊಜೆಕ್ಟರಿಗೆ ಕಪ್ಪನ್ನು ಬಿಡಿಸಲು ಬರುವುದಿಲ್ಲ. ಬೆಳಕು ಬಿಡದ ಜಾಗ ಆ 300 ಲಕ್ಸಿನಲ್ಲಿ ಗೋಡೆ ಹೇಗೆ ಕಾಣುತ್ತದೋ ಹಾಗೆಯೇ ಇರುತ್ತದೆ. ಬಿಳಿ ಭಾಗದಲ್ಲಿ ಎರಡೂ ಕೂಡಿ 840 ಆಗುವುದರಿಂದ, ಬಿಳಿ ಕಪ್ಪಿಗಿಂತ ಮೂರು ಪಟ್ಟು ಕೂಡ ಇಲ್ಲ. ಕ್ರಿಕೆಟ್ ಪಂದ್ಯದಲ್ಲಿ ಚೆಂಡು ಕಂಡೀತು, ರಾತ್ರಿಯ ದೃಶ್ಯವಿರುವ ಸಿನಿಮಾದಲ್ಲಿ ಮುಖ ಕಾಣದು. ಪರದೆ ಎಳೆದು ಗೋಡೆಯ ಮೇಲಿನ ಹಗಲನ್ನು 40 ಲಕ್ಸಿಗೆ ಇಳಿಸಿದರೆ ಅದೇ ಪ್ರೊಜೆಕ್ಟರ್ ಹದಿನಾಲ್ಕು ಪಟ್ಟು ಮುಟ್ಟುತ್ತದೆ. ಪರದೆ ಎಳೆಯದೆ ಅಷ್ಟನ್ನು ಪಡೆಯಬೇಕಾದರೆ 11,000 ಲ್ಯೂಮೆನ್ ಬೇಕು. ಅದು ಸಭಾಂಗಣದ ಯಂತ್ರ, ಅದರ ಫ್ಯಾನಿನ ಸದ್ದೇ ಹಜಾರಕ್ಕೆ ಹೆಚ್ಚಾಗುತ್ತದೆ.

ಧಾರವಾಡದವರ ಗುಣಾಕಾರ ಸರಿ, ಗುಣಿಸಬೇಕಾದ ಅಳತೆ ಬೇರೆ. ಅನುಪಾತಕ್ಕೆ ಹಿಡಿಯುವುದು ಚಿತ್ರದ ಅಗಲವನ್ನು, ಕರ್ಣವನ್ನಲ್ಲ. ಆದ್ದರಿಂದ 1.2ಕ್ಕೆ ಮಸೂರದಿಂದ ತೆರೆಗೆ 2.65 ಮೀಟರ್. ಜೂಮ್ ಇಲ್ಲದ ಯಂತ್ರವನ್ನು 3.05 ಮೀಟರಿನಲ್ಲಿ ತೂಗುಹಾಕಿದರೆ ಚಿತ್ರ 115 ಇಂಚಾಗಿ ತೆರೆಯ ಚೌಕಟ್ಟನ್ನು ದಾಟುತ್ತದೆ. ಆಮೇಲೆ ಮೊಳೆ ಕಿತ್ತು ಹೊಸ ತೂತು ಕೊರೆಯಬೇಕು. ದೂರ ಹೆಚ್ಚಿದರೆ ಮಂಕಾಗುತ್ತದೆ ಎಂಬುದೂ ಚಿತ್ರ ದೊಡ್ಡದಾಗಲು ಬಿಟ್ಟಾಗ ಮಾತ್ರ ನಿಜ. ಹಿಂದಕ್ಕೆ ಒಯ್ದು ಜೂಮಿನಿಂದ ಅದೇ 100 ಇಂಚಿಗೆ ತಂದರೆ ಬೆಳಕು ಅದೇ ವಿಸ್ತೀರ್ಣಕ್ಕೆ ಬೀಳುತ್ತದೆ. ಜೂಮಿನ ದೂರದ ತುದಿಯಲ್ಲಿ ಮಸೂರವೇ ಒಂದಷ್ಟು ಬೆಳಕನ್ನು ತಡೆಯುವುದು ಉಂಟು, ಅದು ಬೇರೆ ಕಾರಣ.

ಬೂದು ತೆರೆಯ ಬಗ್ಗೆ: ಸಾದಾ ಬೂದು ಬಣ್ಣ ಹಗಲಿನ ಬೆಳಕನ್ನೂ ಚಿತ್ರದ ಬೆಳಕನ್ನೂ ಒಂದೇ ಪ್ರಮಾಣದಲ್ಲಿ ತಗ್ಗಿಸುತ್ತದೆ, ಹಾಗಾಗಿ ಮೇಲಿನ ‘ಎಷ್ಟು ಪಟ್ಟು’ ಬದಲಾಗುವುದಿಲ್ಲ. ಬೆಳಕು ಬರುವ ದಿಕ್ಕನ್ನು ನೋಡಿ ಹಿಂತಿರುಗಿಸುವ ತೆರೆ ಮಾತ್ರ ವ್ಯತ್ಯಾಸ ಮಾಡುತ್ತದೆ. ಗೋಡೆಯ ಬುಡದಲ್ಲಿಟ್ಟು ಬಳಸುವ ಅತಿ ಕಡಿಮೆ ಥ್ರೋದ ಯಂತ್ರಗಳಿಗೆ ಮಾಡಿದ ತೆರೆಯಲ್ಲಿ ಗರಗಸದ ಹಲ್ಲಿನಂಥ ಅತಿ ಸಣ್ಣ ಸಾಲುಗಳಿರುತ್ತವೆ. ಹಲ್ಲಿನ ಕೆಳಮುಖ ಬೆಳಕನ್ನು ನೋಡುಗರತ್ತ ಕಳಿಸುತ್ತದೆ, ಮೇಲ್ಮುಖ ಕಪ್ಪಾಗಿದ್ದು ಚಾವಣಿಯಿಂದ ಬರುವುದನ್ನು ನುಂಗುತ್ತದೆ. ಕುಂದಾಪುರದವರ ತೆರೆ ಇದೇ ಬಗೆಯದಾಗಿದ್ದರೆ ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ: ಚಾವಣಿಯ ಪ್ರೊಜೆಕ್ಟರನ್ನೇ ಬೇಡದ ದೀಪವೆಂದು ನುಂಗುತ್ತಿದೆ. ಪರೀಕ್ಷಿಸಲು ಕೋಣೆ ಕತ್ತಲೆ ಮಾಡಿ ತೆರೆಗೆ ಮೊಬೈಲಿನ ಟಾರ್ಚನ್ನು ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ ಹಿಡಿದು, ಎದುರು ಕುಳಿತವರಿಗೆ ಯಾವುದು ಹೆಚ್ಚು ಬೆಳ್ಳಗೆ ಕಾಣುತ್ತದೆಂದು ಕೇಳಿ.

ಮೈಸೂರಿನ ಬೆಳಕು ಪಕ್ಕದಿಂದ ಬರುವುದರಿಂದ ಇಂಥ ತೆರೆಯ ನೆರವು ಅಲ್ಲಿ ಕಡಿಮೆ. ಮೊದಲು ದಪ್ಪ ಬಟ್ಟೆಯ ಪರದೆಗೆ ಹಣ ಹಾಕಿ ಎಂದೇ ನನ್ನ ಸಲಹೆ.

ಧಾರವಾಡದಿಂದ:

ಕರ್ಣದ ವಿಷಯ ಒಪ್ಪಿದೆ. ಆದರೆ ಬೂದು ತೆರೆಯ ಮೇಲೆ ಕಪ್ಪು ಹೆಚ್ಚು ಕಪ್ಪಾಗಿ ಕಾಣುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಬೆಂಗಳೂರಿನಿಂದ:

ಕಾಣುತ್ತದೆ, ಬಿಳಿಯೂ ಅಷ್ಟೇ ತಗ್ಗಿರುತ್ತದೆ. ಚಿತ್ರದ ಬೆಳಕೇ ಬಿಳಿ ಗೋಡೆಗಳಿಗೆ ಬಡಿದು ತೆರೆಗೆ ಮರಳುವ ಕೋಣೆಗಳಲ್ಲಿ ಬೂದು ಬಣ್ಣದಿಂದ ನಿಜವಾದ ಲಾಭವೂ ಉಂಟು. ಹಗಲಿನ ಬೆಳಕಿಗೆ ಅದು ಮದ್ದಲ್ಲ ಎಂದಷ್ಟೇ ನನ್ನ ಮಾತು.

ಮೈಸೂರಿನಿಂದ:

‘ತೆರೆ’ ಮತ್ತು ‘ಪರದೆ’ಯ ಹಂಚಿಕೆಯನ್ನೂ, ‘ಹೊರಡುವ ಬೆಳಕು’, ‘ಬೀಳುವ ಬೆಳಕು’ ಎಂಬ ಜೋಡಿಯನ್ನೂ ಬಳಸಿಕೊಳ್ಳುತ್ತೇನೆ. ಜೋಡಿಸುವವರೊಡನೆ ಮಾತಾಡುವಾಗ ಬೇಕಾಗುವುದರಿಂದ ‘ಥ್ರೋ’ ಹಾಗೆಯೇ ಇರಲಿ. ‘ಹೊರಬೆಳಕು ತಡೆಯುವ ತೆರೆ’ಯನ್ನಂತೂ ಕೈಬಿಡುತ್ತೇನೆ, ಅದಕ್ಕೆ ಬದಲಿ ಪದ ಇನ್ನೂ ಹೊಳೆದಿಲ್ಲ. ‘ದಿಕ್ಕಿನ ತೆರೆ’ ಎಂದರೆ ಯಾರಿಗಾದರೂ ಅರ್ಥವಾದೀತೇ?