ಬುದ್ಧನ ಇಸವಿ ಯಾವುದು? ಶಾಸನದ ಮೇಡಂಗೆ ಕೇಳಿ

ರಮ್ಯಾ, ಬಸವನಗುಡಿ: ಮೇಡಂ, ಬುದ್ಧ ತೀರಿಕೊಂಡಿದ್ದು ಕ್ರಿ.ಪೂ. 544 ಅಂತ ಲೆಕ್ಕ ಹಿಡಿದು 1956ರಲ್ಲಿ 2500ನೇ ವರ್ಷ ಆಚರಿಸಿದರಂತೆ. ಮಗಳ ಪುಸ್ತಕದಲ್ಲಿ 483 ಇದೆ. ಇನ್ನೊಂದು ಕಡೆ 400ರ ಆಸುಪಾಸು ಅಂತಾರೆ. ಯಾಕೆ ಹೀಗೆ?

ಶಾಸನದ ಮೇಡಂ: ಬುದ್ಧನ ಕಾಲದ ಬರಹ ಒಂದೂ ಉಳಿದಿಲ್ಲ. ಅದಕ್ಕೇ ಅಶೋಕನಿಂದ ಹಿಂದಕ್ಕೆ ಎಣಿಸಬೇಕು. ಅಶೋಕನ 13ನೇ ಬಂಡೆ ಶಾಸನದಲ್ಲಿ ಐವರು ಗ್ರೀಕ್ ರಾಜರ ಹೆಸರಿದೆ. ಅವರಲ್ಲಿ ಮಕ ಅನ್ನೋನು ಉತ್ತರ ಆಫ್ರಿಕಾದ ಸಿರೀನ್‌ನ ಮಾಗಸ್. ಅವನು ಸತ್ತಿದ್ದು ಕ್ರಿ.ಪೂ. 250ರ ಹೊತ್ತಿಗೆ. ಐವರ ಆಳ್ವಿಕೆಯನ್ನೂ ಹೊಂದಿಸಿ ನೋಡಿದರೆ ಅಶೋಕನ ಪಟ್ಟಾಭಿಷೇಕ 268ರ ಆಸುಪಾಸಿಗೆ ಬರುತ್ತದೆ.

ಸಿಂಹಳದ ಚರಿತ್ರೆಯ ಗ್ರಂಥ ಮಹಾವಂಸ, ಬುದ್ಧ ತೀರಿಕೊಂಡ 218 ವರ್ಷಕ್ಕೆ ಅಶೋಕನ ಪಟ್ಟಾಭಿಷೇಕ ಅನ್ನುತ್ತದೆ. 544ರಲ್ಲಿ 218 ಕಳೆಯಿರಿ, 326. ಆಗ ಅಲೆಕ್ಸಾಂಡರ್ ಪಂಜಾಬಿನಲ್ಲಿದ್ದ, ಅಶೋಕನ ತಾತ ಚಂದ್ರಗುಪ್ತನೇ ಇನ್ನೂ ಪಟ್ಟಕ್ಕೆ ಬಂದಿರಲಿಲ್ಲ! ಹಾಗಾಗಿ ಸುಮಾರು 60 ವರ್ಷ ಜಾಸ್ತಿ. ಅದನ್ನು ತೆಗೆದರೆ 486 ಅಥವಾ 483. ಆದರೆ ಉತ್ತರದ ಬೌದ್ಧ ಗ್ರಂಥಗಳು 218 ಅಲ್ಲ, 100 ವರ್ಷ ಅನ್ನುತ್ತವೆ. ಆಗ 368.

ನನಗೆ 218ರ ಮೇಲೆ ಅನುಮಾನ. ಅಷ್ಟು ವರ್ಷಕ್ಕೆ ಸಿಂಹಳದವರೇ ಕೊಡುವ ವಿನಯದ, ಅಂದರೆ ಭಿಕ್ಷುಗಳ ನಿಯಮದ, ಗುರುಗಳು ಐವರೇ: ಉಪಾಲಿ, ದಾಸಕ, ಸೋಣಕ, ಸಿಗ್ಗವ, ಮೊಗ್ಗಲಿಪುತ್ತ ತಿಸ್ಸ. ಒಬ್ಬೊಬ್ಬರಿಗೆ 43 ವರ್ಷಕ್ಕಿಂತ ಹೆಚ್ಚು ಬೀಳುತ್ತದೆ. ಆಗದ ಮಾತೇನಲ್ಲ, ಆದರೆ ತುಂಬಾ ಎಳೆದ ಹಾಗಿದೆ. 100 ಕೂಡ ದುಂಡಗಿನ ಸಂಖ್ಯೆ. ಹಾಗಾಗಿ ಈಗ ಹಲವರು 400ರ ಹಿಂದೆ ಮುಂದೆ ಅನ್ನುತ್ತಾರೆ. ಪಕ್ಕಾ ಇಸವಿ ಯಾರ ಹತ್ತಿರವೂ ಇಲ್ಲ.

ನಾಗರಾಜ: ಆ ಗ್ರೀಕ್ ರಾಜರ ಶಾಸನ ನಮ್ಮ ಮಸ್ಕಿಯದ್ದೇ ಅಲ್ವಾ ಮೇಡಂ?

ಶಾಸನದ ಮೇಡಂ: ಅಲ್ಲ. ಮಸ್ಕಿಯಲ್ಲಿ ಸಿಕ್ಕಿದ್ದು ಅಶೋಕ ಅನ್ನುವ ಹೆಸರು. ಸನ್ನತಿಯಲ್ಲಿ 12 ಮತ್ತು 14ನೇ ಬಂಡೆ ಶಾಸನ ಇವೆ. 13 ಓದಲು ಗಿರ್ನಾರ್, ಕಾಲ್ಸಿ ಕಡೆ ನೋಡಿ.

ಗೀತಕ್ಕ: ನಮ್ಮ ಮಾವನವರದ್ದೂ ಇದೇ ಕತೆ. ಜಾತಕದಲ್ಲಿ ಒಂದು, ಶಾಲೆಯಲ್ಲಿ ಜೂನ್ 1. ಪಿಂಚಣಿಗೆ ಯಾವುದು ಕೊಡಲಿ?

ಶ್ರೀಧರ: *ಫಾರ್ವರ್ಡ್ ಆಗಿದೆ:* ಗ್ರಹಗಳ ಸಾಫ್ಟ್‌ವೇರ್ ಬುದ್ಧ ಕ್ರಿ.ಪೂ. 1800ರವನು ಅಂತ ಸಾಬೀತು ಮಾಡಿದೆ!! ಎಲ್ಲರಿಗೂ ಕಳಿಸಿ.

ಶಾಸನದ ಮೇಡಂ: ದಯವಿಟ್ಟು ಕಳಿಸಬೇಡಿ. ಸಾಫ್ಟ್‌ವೇರ್ ಆಕಾಶದ ಲೆಕ್ಕ ಸರಿಯಾಗೇ ಮಾಡುತ್ತದೆ. ಆದರೆ ಅದಕ್ಕೆ ಕೊಟ್ಟಿದ್ದೇನು? ಎಷ್ಟೋ ಶತಮಾನದ ಮೇಲೆ ಬರೆದ ಕತೆಯ ಹುಣ್ಣಿಮೆ. ವೈಶಾಖ ಹುಣ್ಣಿಮೆ ವರ್ಷಾ ವರ್ಷಾ ಬರುತ್ತದೆ.

ಶ್ರೀಧರ: ಬ್ರಿಟಿಷರು ಹೇಳಿದ್ದು ಮಾತ್ರ ನಿಜಾನಾ?

ನಾಗರಾಜ: ಸ್ವಾಮೀ, ಶಾಸನ ಕೆತ್ತಿಸಿದ್ದು ಅಶೋಕ, ಬ್ರಿಟಿಷರಲ್ಲ.

ಶ್ರೀಧರ: ನಿಮ್ಮನ್ನು ಕೇಳಿಲ್ಲ.

ಫರ್ಹಾನ್: ಮೇಡಂ, ಮಹಾವೀರ? ತೀರಿಕೊಂಡಿದ್ದು ಕ್ರಿ.ಪೂ. 527 ಅಂತಾರಲ್ಲ?

ಶಾಸನದ ಮೇಡಂ: ಮಹಾವೀರ, ಬುದ್ಧ ಇಬ್ಬರೂ ಒಂದೇ ಕಾಲದವರು ಅಂತ ಬೌದ್ಧ ಗ್ರಂಥಗಳಲ್ಲೇ ಇದೆ. ಬುದ್ಧ ಈಚೆಗೆ ಬಂದರೆ ಅವನೂ ಬರಬೇಕು. ಜೈನ ಪಂಡಿತ ಹೇಮಚಂದ್ರನ ಪ್ರಕಾರ ಚಂದ್ರಗುಪ್ತ ಪಟ್ಟಕ್ಕೆ ಬಂದಿದ್ದು ಮಹಾವೀರ ತೀರಿಕೊಂಡ 155 ವರ್ಷಕ್ಕೆ. 527ರಲ್ಲಿ 155 ಕಳೆದರೆ 372. ಚಂದ್ರಗುಪ್ತ 326ರಲ್ಲೂ ಪಟ್ಟಕ್ಕೆ ಬಂದಿರಲಿಲ್ಲವಲ್ಲ, ಹಾಗಾಗಿ 527ಕ್ಕೆ ಅದು ಹೊಂದುವುದಿಲ್ಲ.

ಮಂಜುನಾಥ: ಲೇಟಾಗಿ ಬಂದೆ. ಬುದ್ಧನ ಸರಿಯಾದ ಇಸವಿ ಯಾವುದು?

ಶಾಸನದ ಮೇಡಂ: ಮೇಲೆ ಓದಿ.

ಶ್ರೀಧರ: ಗೊತ್ತಿಲ್ಲ ಅಂತ ಒಪ್ಪಿಕೊಳ್ಳೋಕೆ ಇಷ್ಟುದ್ದ ಬೇಕಿತ್ತಾ?

ರಮ್ಯಾ: ಮೇಡಂ, ಪರೀಕ್ಷೆಗೆ 483 ಬರೆಯಲು ಹೇಳ್ತೀನಿ.

ಶಾಸನದ ಮೇಡಂ: ಬರೆಯಲಿ. ‘ಸುಮಾರು’ ಅಂತ ಸೇರಿಸಲಿ.